ಒಂದು ಕಪ್ ಮೈದಾ ಎಷ್ಟು ಗ್ರಾಂ? ಮೂರು ಲೆಕ್ಕ, ನಾಲ್ಕು ಕೇಕ್

ನ್ಯೂಜೆರ್ಸಿಯಲ್ಲಿರುವ ಅತ್ತಿಗೆ ಮಾಡುವ ಬಾಳೆಹಣ್ಣಿನ ಕೇಕ್ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಹೋದ ಸಲ ಪುಣೆಗೆ ಬಂದಾಗ ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಬೆಣ್ಣೆ ಒಂದು ಸ್ಟಿಕ್, ಕಾಲು ಕಪ್ ಮೊಸರು, ಮೂರು ಬಾಳೆಹಣ್ಣು, ಎರಡು ಮೊಟ್ಟೆ, ಅರ್ಧ ಕಪ್ ಅಕ್ರೋಟು, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು. ನನ್ನ ಹತ್ತಿರ ತಕ್ಕಡಿ ಇದೆ, ಕಪ್ಪುಗಳನ್ನು ತೊಳೆಯುವ ಬೇಜಾರೂ ಇದೆ. ಹಾಗಾಗಿ ಇದನ್ನು ಗ್ರಾಂ ಲೆಕ್ಕಕ್ಕೆ ತಂದು ಫ್ರಿಜ್ ಮೇಲೆ ಅಂಟಿಸಿಬಿಡೋಣ ಅಂದುಕೊಂಡೆ. ಹತ್ತು ನಿಮಿಷದ ಕೆಲಸ ಅನ್ನಿಸಿತ್ತು. ನಾಲ್ಕು ಭಾನುವಾರ ಹಿಡಿಯಿತು.

ಮೊದಲನೆಯ ದಾರಿ ಎಲ್ಲರೂ ಹಿಡಿಯುವಂಥದ್ದು. ಕಪ್ಪನ್ನು ಗ್ರಾಂ ಮಾಡಿಕೊಡುವ ಒಂದು ಜಾಲತಾಣಕ್ಕೆ ಹೋದೆ. 1.5 ಅಂತ ಒತ್ತಿದೆ. 355 ಗ್ರಾಂ ಅಂತ ಬಂತು. ಯಾವ ಸಾಮಾನು ಅಂತ ಅದು ಕೇಳಲೇ ಇಲ್ಲ, ನನಗೂ ಹೊಳೆಯಲಿಲ್ಲ. ಅಮೆರಿಕದ ಕಪ್ 236.6 ಮಿಲಿ ಲೀಟರ್. ಅದು ಒಂದು ಮಿಲಿ ಲೀಟರಿಗೆ ಒಂದು ಗ್ರಾಂ ಅಂತ ಹಿಡಿದು ಗುಣಿಸಿ ಕೊಟ್ಟಿತ್ತು. ಈ ಲೆಕ್ಕ ನೀರಿಗೆ ಸರಿ. ಹಾಲು, ಮೊಸರಿಗೂ ಹೆಚ್ಚುಕಡಿಮೆ ಸರಿ. ಬೆಣ್ಣೆಗೆ ನಾಲ್ಕೈದು ಗ್ರಾಂ ಜಾಸ್ತಿ ಬರುತ್ತದೆ, ಅಷ್ಟೇ. ಆದರೆ ಮೈದಾ ಹಗುರ, ನಡುವೆ ಗಾಳಿ ತುಂಬಿರುತ್ತದೆ. ಒಂದು ಕಪ್ ಮೈದಾ ನೀರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೇ. 355 ಗ್ರಾಂ ಹಾಕಿದಾಗ ಹಿಟ್ಟು ಚಪಾತಿ ಕಣಕದ ಹಾಗೆ ಆಯಿತು, ಸೌಟು ನೆಟ್ಟಗೆ ನಿಂತಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಬೇಯಿಸಿದೆ. ಅದನ್ನು ಕೇಕ್ ಅನ್ನೋಕೆ ಆಗಲ್ಲ, ಟೋಸ್ಟ್ ಮಾಡಿ ಚಹಾಕ್ಕೆ ಅದ್ದಿಕೊಂಡು ಮುಗಿಸಿದೆವು.

ಎರಡನೆಯ ದಾರಿ, ಸಾಮಾನಿಗೊಂದು ತೂಕ ಹೇಳುವ ಪಟ್ಟಿ. ಅಮೆರಿಕದ ಹಿಟ್ಟಿನ ಕಂಪನಿ ಕಿಂಗ್ ಆರ್ಥರ್ ಇಂಥ ಪಟ್ಟಿ ಕೊಡುತ್ತದೆ. ಅದರಲ್ಲಿ ಒಂದು ಕಪ್ ಮೈದಾಕ್ಕೆ 120 ಗ್ರಾಂ. ಬೇರೆ ಕಡೆ 125 ಅಂತ ಇರುತ್ತದೆ. ಸಕ್ಕರೆಗೆ ಸುಮಾರು 200, ಬೆಣ್ಣೆಗೆ 227. ಬೆಣ್ಣೆಯ ಒಂದು ಸ್ಟಿಕ್ ಅಂದರೆ ಅರ್ಧ ಕಪ್, 113 ಗ್ರಾಂ. ಈ ಲೆಕ್ಕದಲ್ಲಿ ನನಗೆ ಮೈದಾ 180 ಗ್ರಾಂ ಬಂತು. ಕೇಕ್ ಚೆನ್ನಾಗಿ ಉಬ್ಬಿತು. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ನಡುವೆ ಗುಳಿ ಬಿತ್ತು. ಕೊಯ್ದು ನೋಡಿದರೆ ತಳದಲ್ಲಿ ಒಂದು ಬೆರಳು ದಪ್ಪ ಅಂಟು ಅಂಟು ಪದರ. ಬೇಯುವುದು ಸಾಲಲಿಲ್ಲವೇನೋ ಅಂತ ಮೊದಲು ಅನ್ನಿಸಿತು. ಆದರೆ ಕಡ್ಡಿ ಚುಚ್ಚಿದಾಗ ಒಣಗಿಯೇ ಬಂದಿತ್ತು, ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಬೆಂದಿದೆ, ಆದರೂ ಕುಸಿದಿದೆ ಅಂದರೆ ಹಿಡಿದು ನಿಲ್ಲಿಸಲು ಹಿಟ್ಟು ಕಮ್ಮಿ ಅಂತಲೇ ಅರ್ಥ.

ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ನಮ್ಮ ಅತ್ತಿಗೆಯ ಕೈ ಗೊತ್ತಿರಲಿಲ್ಲ, ಅಷ್ಟೇ.

ಇದು ಗೊತ್ತಾಗಿದ್ದು ಮೂರನೆಯ ದಾರಿಯಲ್ಲಿ. ನಾನೇ ತೂಗಿ ನೋಡೋಣ ಅಂತ ಕೂತೆ. ಮೊದಲು ಕಪ್ಪನ್ನೇ ಪರೀಕ್ಷೆ ಮಾಡಿದೆ. ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದೆ. 249 ಗ್ರಾಂ. ಅಂದರೆ ನನ್ನದು 250ರ ಕಪ್, ಅತ್ತಿಗೆಯದು 237ರ ಕಪ್. ಐದು ಪರ್ಸೆಂಟ್ ವ್ಯತ್ಯಾಸ. ನನ್ನ ಕಪ್ಪಿನ ತೂಕವನ್ನು 0.95ರಿಂದ ಗುಣಿಸಿದರೆ ಅವರ ಕಪ್ಪಿಗೆ ಬರುತ್ತದೆ.

ಆಮೇಲೆ ಮೈದಾ. ಡಬ್ಬಿಯಲ್ಲಿ ಸಡಿಲಿಸಿ, ಚಮಚದಿಂದ ಕಪ್ಪಿಗೆ ಹಾಕಿ, ಚಾಕುವಿನ ಬೆನ್ನಿನಿಂದ ಸವರಿ ತೂಗಿದೆ. ಐದು ಸಲ ಮಾಡಿದಾಗ 124ರಿಂದ 128ರ ನಡುವೆ ಬಂತು, ಸರಾಸರಿ 126. ಅತ್ತಿಗೆಯ ಕಪ್ಪಿಗೆ ಇಳಿಸಿದರೆ 120. ಪಟ್ಟಿಯ ಅಂಕೆಯೇ! ಆಮೇಲೆ ಕಪ್ಪನ್ನೇ ಡಬ್ಬಿಗೆ ಅದ್ದಿ ಮೊಗೆದು ನೋಡಿದೆ. ಐದು ಸಲಕ್ಕೆ 142ರಿಂದ 158ರವರೆಗೆ ಓಡಾಡಿತು, ಸರಾಸರಿ 150. ಅವರ ಕಪ್ಪಿಗೆ 142. ಮೊಗೆಯುವಾಗ ಹಿಟ್ಟು ಒತ್ತಿಕೊಳ್ಳುತ್ತದೆ. ಅದೇ ಕಪ್, ಅದೇ ಮೈದಾ, ಕೈ ಮಾತ್ರ ಬೇರೆ.

ಅತ್ತಿಗೆಗೆ ಫೋನ್ ಮಾಡಿದೆ. "ಅತ್ತಿಗೆ, ಮೈದಾ ಕಪ್ಪಿಗೆ ಹೇಗೆ ಹಾಕ್ತೀರಿ?" ಅಂತ ಕೇಳಿದೆ. "ಹೇಗೆ ಅಂದ್ರೆ? ಡಬ್ಬಿಗೆ ಕಪ್ ಹಾಕಿ ತೆಗೀತೀನಪ್ಪಾ, ಅಂಚಿಗೆ ಸವರ್ತೀನಿ. ಅದಕ್ಕೂ ಬೇರೆ ಚಮಚ ಯಾರು ತೊಳೀತಾರೆ?" ಅಂದರು. ಅಲ್ಲಿಗೆ ಮುಗಿಯಿತು. ಒಂದೂವರೆ ಕಪ್ಪಿಗೆ 213 ಗ್ರಾಂ. ಪಟ್ಟಿಗಿಂತ 33 ಗ್ರಾಂ ಜಾಸ್ತಿ. ಮೂರನೆಯ ಕೇಕ್ ಅತ್ತಿಗೆಯ ಕೇಕ್ ಹಾಗೇ ಬಂತು.

ಸಕ್ಕರೆಯಲ್ಲಿ ಈ ತಾಪತ್ರಯ ಇಲ್ಲ. ಹರಳು ಒತ್ತಿಕೊಳ್ಳುವುದಿಲ್ಲ. ಮೊಗೆದರೂ, ಸುರಿದರೂ ನನ್ನ ಕಪ್ಪಿಗೆ 210ರ ಆಸುಪಾಸು. ಹಾಗಾಗಿ ಸಕ್ಕರೆ, ಬೆಣ್ಣೆ, ಮೊಸರಿಗೆ ಪಟ್ಟಿ ನೋಡಿದರೆ ಸಾಕು, ಸುಮ್ನೆ ತೂಗುತ್ತಾ ಕೂರಬೇಡಿ. ಮೈದಾ, ಕಡಲೆ ಹಿಟ್ಟು, ಕೋಕೋ ಪುಡಿ ಇಂಥ ಒತ್ತಿಕೊಳ್ಳುವ ಪುಡಿಗಳಿಗೆ ಮಾತ್ರ ಬರೆದವರ ಕೈ ಕೇಳಿ.

ಇಲ್ಲೊಂದು ಪ್ರಶ್ನೆ ಬರುತ್ತದೆ. ಅಮ್ಮ ಮೈಸೂರು ಪಾಕನ್ನು ಒಂದು ಲೋಟ ಕಡಲೆ ಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ ಅಂತ ಯಾವ ಲೋಟದಲ್ಲಿ ಬೇಕಾದರೂ ಮಾಡುತ್ತಿದ್ದಳು, ಸರಿಯಾಗೇ ಬರುತ್ತಿತ್ತಲ್ಲ? ಹೌದು. ಅಲ್ಲಿ ಎಲ್ಲವೂ ಒಂದೇ ಲೋಟದ ಲೆಕ್ಕ, ಲೋಟ ದೊಡ್ಡದಾದರೆ ಎಲ್ಲವೂ ದೊಡ್ಡದು. ಅತ್ತಿಗೆಯ ಚೀಟಿಯಲ್ಲಿ ಕಪ್ಪಿನ ಜೊತೆ ಮೊಟ್ಟೆ, ಬಾಳೆಹಣ್ಣು, ಬೆಣ್ಣೆಯ ಸ್ಟಿಕ್ ಇವೆ. ಕಪ್ ದೊಡ್ಡದಾದರೂ ಮೊಟ್ಟೆ ಅಷ್ಟೇ ಇರುತ್ತದೆ. ಎಣಿಕೆಯ ಸಾಮಾನು ಬಂದ ಕೂಡಲೇ ಕಪ್ಪಿನ ಅಳತೆ ಮುಖ್ಯವಾಗುತ್ತದೆ.

ಬಾಳೆಹಣ್ಣಿನದೂ ಇದೇ ಗೋಳು. ಇಲ್ಲಿ ಗಾಡಿಯವನ ಹತ್ತಿರ ಜಳಗಾವ್ ಕಡೆಯ ದೊಡ್ಡ ಹಣ್ಣೂ ಇರುತ್ತದೆ, ಬೆರಳುದ್ದದ ವೇಲ್ಚಿಯೂ ಇರುತ್ತದೆ. ಅದು ನಮ್ಮ ಏಲಕ್ಕಿ ಬಾಳೆ. ಎರಡಕ್ಕೂ ಡಜನ್ ಲೆಕ್ಕ. "ಮೂರು ಹಣ್ಣು" ಅಂದರೆ ಯಾವುದು? ಅಮೆರಿಕದ ಮಧ್ಯಮ ಗಾತ್ರದ ಹಣ್ಣು ಸಿಪ್ಪೆ ತೆಗೆದರೆ ಸುಮಾರು 118 ಗ್ರಾಂ. ಮೂರಕ್ಕೆ 354. ಸಿಪ್ಪೆ ತೆಗೆದ ಮೇಲಿನ ತೂಕ ಅಂತ ಪಟ್ಟಿಯಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಮೂರನೇ ಒಂದು ಭಾಗ ಸಿಪ್ಪೆಗೇ ಹೋಗುತ್ತದೆ.

ಈಗ ಅಂಕೆಗಳನ್ನು ದುಂಡು ಮಾಡುವ ವಿಷಯ. ಇಲ್ಲೂ ಎರಡು ಬಗೆ ಮಾಡಿ ನೋಡಿದೆ. ನಾಲ್ಕನೆಯ ಕೇಕಿಗೆ ಚಂದದ ಅಂಕೆಗಳನ್ನು ಹಾಕಿದೆ: ಮೈದಾ 200, ಸಕ್ಕರೆ 150, ಬೆಣ್ಣೆ 100, ಮೊಸರು 50. ನಮ್ಮಲ್ಲಿ ಬೆಣ್ಣೆ 100 ಗ್ರಾಂ ಪ್ಯಾಕೆಟ್ಟಿನಲ್ಲಿ ಸಿಗುತ್ತದಲ್ಲ, ಆಸೆ ಆಯಿತು. ಆದರೆ ಮೈದಾ ಆರು ಪರ್ಸೆಂಟ್ ಇಳಿದಾಗ ಬೆಣ್ಣೆ ಹನ್ನೆರಡು, ಮೊಸರು ಹದಿನೆಂಟು ಪರ್ಸೆಂಟ್ ಇಳಿದಿದ್ದವು. ಸಕ್ಕರೆ ಇಳಿಯಲೇ ಇಲ್ಲ. ತಿನ್ನಬಹುದಾಗಿತ್ತು, ಆದರೆ ಮಾರನೆಯ ದಿನಕ್ಕೆ ಒಣಗಿ ಪುಡಿಪುಡಿ ಉದುರಿತು. ಮಗಳು "ಇದು ದೊಡ್ಡಮ್ಮನ ಕೇಕ್ ಅಲ್ಲ" ಅಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಹಾಗಾಗಿ ಉಳಿದದ್ದು ಇನ್ನೊಂದು ಬಗೆ: ಎಲ್ಲವನ್ನೂ ಹತ್ತಿರದ 5 ಗ್ರಾಮಿಗೆ ತರುವುದು. ಹೆಚ್ಚೆಂದರೆ ಎರಡೂವರೆ ಗ್ರಾಂ ತಪ್ಪುತ್ತದೆ. 100ರ ಮೇಲಿನ ತೂಕಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ, 60 ಗ್ರಾಂ ಮೊಸರಿಗೂ ನಡೆಯುತ್ತದೆ. 10 ಗ್ರಾಮಿಗಿಂತ ಕೆಳಗಿನದನ್ನು ಗ್ರಾಮಿಗೆ ತರಲೇಬೇಡಿ, ಚಮಚದಲ್ಲೇ ಬಿಡಿ. ನನ್ನ ತಕ್ಕಡಿ ಒಂದೊಂದು ಗ್ರಾಮಿಗೆ ಹಾರುತ್ತದೆ. ಅರ್ಧ ಚಮಚ ಉಪ್ಪು 3 ಗ್ರಾಂ ಅಂತ ಅದು ತೋರಿಸಿದರೆ ನಿಜವಾಗಿ ಎರಡೂವರೆಯೂ ಇರಬಹುದು, ಮೂರೂವರೆಯೂ ಇರಬಹುದು. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಕೆಲವೊಮ್ಮೆ ಅಲ್ಲಾಡುವುದೇ ಇಲ್ಲ.

ಆದರೆ ಚಮಚ ಅಂದರೆ 5 ಮಿಲಿ ಲೀಟರಿನ ಅಳತೆ ಚಮಚ. ನಮ್ಮ ಮನೆಯ ಸ್ಟೀಲ್ ಚಮಚದಲ್ಲಿ ಹತ್ತು ಸಲ ನೀರು ಹಾಕಿ ತೂಗಿದರೆ 38 ಗ್ರಾಂ ಬಂತು. ಅಂದರೆ ಒಂದಕ್ಕೆ ನಾಲ್ಕೂ ಇಲ್ಲ. ಸೋಡಾವನ್ನೂ ಹೀಗೇ ನೋಡಿದೆ, ಅಳತೆ ಚಮಚದಲ್ಲಿ ಸವರಿದ ಹತ್ತು ಚಮಚಕ್ಕೆ 49 ಗ್ರಾಂ. ಒಂದಕ್ಕೆ 5 ಅನ್ನಬಹುದು. ಸಣ್ಣ ತೂಕವನ್ನು ಮನೆ ತಕ್ಕಡಿಯಲ್ಲಿ ತಿಳಿಯಲು ಹತ್ತನ್ನು ಒಟ್ಟಿಗೆ ತೂಗಿ ಭಾಗಿಸುವುದೇ ಸುಲಭ.

ಫ್ರಿಜ್ ಮೇಲೆ ಈಗ ಇರುವುದು ಇದು:

| ಸಾಮಾನು | ಅತ್ತಿಗೆಯ ಚೀಟಿ | ಲೆಕ್ಕಕ್ಕೆ ಬಂದದ್ದು | ಹಾಕುವುದು |
|---|---|---|---|
| ಮೈದಾ | 1½ ಕಪ್, ಮೊಗೆದದ್ದು | 213 ಗ್ರಾಂ | 215 ಗ್ರಾಂ |
| ಸಕ್ಕರೆ | ¾ ಕಪ್ | 149 ಗ್ರಾಂ | 150 ಗ್ರಾಂ |
| ಬೆಣ್ಣೆ | 1 ಸ್ಟಿಕ್ | 113 ಗ್ರಾಂ | 115 ಗ್ರಾಂ |
| ಬಾಳೆಹಣ್ಣು, ಸಿಪ್ಪೆ ತೆಗೆದು | 3 | 354 ಗ್ರಾಂ | 355 ಗ್ರಾಂ |
| ಮೊಸರು | ¼ ಕಪ್ | 61 ಗ್ರಾಂ | 60 ಗ್ರಾಂ |
| ಅಕ್ರೋಟು, ಹೆಚ್ಚಿದ್ದು | ½ ಕಪ್ | 58 ಗ್ರಾಂ | 60 ಗ್ರಾಂ |
| ಮೊಟ್ಟೆ | 2 | 100 ಗ್ರಾಂ | 2 |
| ಅಡುಗೆ ಸೋಡಾ | 1 ಟೀ ಚಮಚ | 5 ಗ್ರಾಂ | 1 ಟೀ ಚಮಚ |
| ಉಪ್ಪು | ½ ಟೀ ಚಮಚ | 3 ಗ್ರಾಂ | ½ ಟೀ ಚಮಚ |

ಮೊಟ್ಟೆಯ 100 ಗ್ರಾಂ ಅಂದರೆ ಒಡೆದ ಮೇಲಿನ ತೂಕ, ಅಮೆರಿಕದ ದೊಡ್ಡ ಮೊಟ್ಟೆಯದು. ನನ್ನ ಎರಡು ಮೊಟ್ಟೆ 93 ತೂಗಿದವು. ಹಾಗೇ ಬಿಟ್ಟೆ, ಏನೂ ಆಗಲಿಲ್ಲ. ಚೀಟಿಯಲ್ಲಿ ಒಲೆಯ ಬಿಸಿ 350 ಫ್ಯಾರನ್‌ಹೀಟ್, ಅಂದರೆ 177 ಸೆಲ್ಸಿಯಸ್. ನನ್ನ ಓಟಿಜಿಯ ತಿರುಗಿಸುವ ಗುಂಡಿಗೆ 180 ಬಿಟ್ಟರೆ ಬೇರೆ ಗೊತ್ತಿಲ್ಲ.

ಮೂರನೆಯ ಕಾಲಂ ಅಳಿಸಬೇಡಿ. ದುಂಡು ಮಾಡುವುದು ಕೊನೆಯ ಕೆಲಸ. ಮೊದಲೇ ಕಪ್ಪಿಗೆ 140 ಅಂತ ಮಾಡಿಕೊಂಡು ಒಂದೂವರೆಯಿಂದ ಗುಣಿಸಿದ್ದರೆ ಮೈದಾ 210 ಆಗುತ್ತಿತ್ತು, ಅಲ್ಲೇ ಐದು ಗ್ರಾಂ ಬೇರೆ. ಸೊಸೈಟಿಯ ಕನ್ನಡದವರ ರಾಜ್ಯೋತ್ಸವಕ್ಕೆ ಮೂರು ಕೇಕ್ ಮಾಡಬೇಕಾಗಿ ಬಂದಾಗ 215ನ್ನು ಮೂರು ಪಟ್ಟು ಮಾಡಲಿಲ್ಲ, 213ನ್ನೇ ಮಾಡಿ 640 ಬರೆದೆ. ಬೆಣ್ಣೆ 340. ಸೋಡಾ ಆಗ 15 ಗ್ರಾಂ ಆಯಿತು, ಅಷ್ಟಾದ ಮೇಲೆ ಅದನ್ನೂ ತಕ್ಕಡಿಗೇ ಹಾಕಿದೆ.