ಹೊರಗಿನವರಿಗೆ ರಿಪೋರ್ಟ್: ಲಿಂಕಾ, ರೋಲಾ, ಎಂಬೆಡ್ಡಾ?

ಕಾಸರಗೋಡಿನ ಒಂದು ಅಡಿಕೆ ಸಂಘ ಪವರ್ ಬಿಐಯಲ್ಲಿ ದಾಸ್ತಾನು ಮತ್ತು ದರದ ರಿಪೋರ್ಟ್ ಮಾಡಿದೆ ಎಂದುಕೊಳ್ಳಿ. ಮಂಗಳೂರಿನ ಖರೀದಿದಾರರಿಗೆ ಅದನ್ನು ತೋರಿಸಬೇಕು.

ಮೊದಲು ಗುಟ್ಟಿನ ವಿಚಾರ. `Publish to web` ಮೂಲಕ ಎಂಬೆಡ್ ಮಾಡಿದರೆ ಲಾಗಿನ್ ಇಲ್ಲದೆ ಯಾರು ಬೇಕಾದರೂ ನೋಡಬಹುದು. ದಿನದ ದರಕ್ಕೆ ಇದು ಸಾಕು. ಸದಸ್ಯರ ಹೆಸರು, ಬಾಕಿ ಇರುವ ರಿಪೋರ್ಟಿಗೆ ಖಂಡಿತ ಬೇಡ. ಪುಟದಲ್ಲಿ ಕಾಣದ ವಿವರವೂ ಹಿಂದಿನ ಡೇಟಾದಿಂದ ಹೊರಬರಬಹುದು. ಹಾಗಾಗಿ ದರಕ್ಕೆ ಬೇರೆಯೇ ಚಿಕ್ಕ ರಿಪೋರ್ಟ್ ಮಾಡಿ.

ಪ್ರತಿ ಖರೀದಿದಾರನಿಗೆ ಅವನ ಲೆಕ್ಕ ಮಾತ್ರ ಕಾಣಬೇಕಾದರೆ ಮಾಡೆಲ್‌ನಲ್ಲಿ ಸಾಲು ಮಟ್ಟದ ನಿಯಮ ಹಾಕಿ, `Specific people` ಲಿಂಕ್ ಕಳಿಸಿ. ಸಂಘದೊಳಗಿನವರಿಗೆಂದು ಇರುವ ಲಿಂಕ್ ಹೊರಗಿನವರಿಗೆ ತೆರೆಯುವುದಿಲ್ಲ.

ವರ್ಕ್‌ಸ್ಪೇಸ್ ರೋಲ್ ಕೊಟ್ಟರೆ ಅಲ್ಲಿನ ಎಲ್ಲ ರಿಪೋರ್ಟೂ ಕಾಣುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ: ರೋಲ್‌ಗಳ ಪೈಕಿ ಸಾಲು ನಿಯಮ `Viewer`ಗೆ ಮಾತ್ರ ಅನ್ವಯ. `Contributor` ಕೊಟ್ಟರೆ ಎಲ್ಲರ ಲೆಕ್ಕವೂ ಬಯಲು. ರಿಪೋರ್ಟನ್ನೇ ತಿದ್ದುವ ಹೊರಗಿನ ಸಲಹೆಗಾರರಿಗೆ ಮಾತ್ರ ಅದು ಸರಿ.

ಖರ್ಚು? ಸಾರ್ವಜನಿಕ ಎಂಬೆಡ್ ನೋಡುವವರಿಗೆ ಲೈಸೆನ್ಸ್ ಬೇಡ. ಉಳಿದೆರಡರಲ್ಲಿ ಅತಿಥಿ ಖಾತೆಯ ಜೊತೆ ಸಾಮಾನ್ಯವಾಗಿ ಪ್ರೊ ಲೈಸೆನ್ಸ್ ಬೇಕು. ಕೆಲವೇ ಖರೀದಿದಾರರಿದ್ದರೆ ಅದು ಕೊಡಬಹುದಾದ ಹಣವೇ.