ಸುಳ್ಳು ಮಳೆ, ನಿಜವಾದ ಮೇಕಿಂಗ್: ಮೂರು ದಾರಿ ನೋಡಿದ ಮೇಲೆ

ನಾನು ಈವರೆಗೆ ಮೂರು ಕಿರುಚಿತ್ರ ಮಾಡಿದ್ದೇನೆ. ಮೂರಕ್ಕೂ ಮೇಕಿಂಗ್ ವಿಡಿಯೋ ಇದೆ, ಮೂರನ್ನೂ ಮಾಡಿದ ರೀತಿ ಬೇರೆ. ಮೊದಲನೆಯದಕ್ಕೆ ಪ್ಯಾಕಪ್ ಆಗಿ ಆರು ವಾರ ಕಳೆದ ಮೇಲೆ ಎಲ್ಲರನ್ನೂ ಕೂರಿಸಿ ಮಾತಾಡಿಸಿದೆವು. ಎರಡನೆಯದಕ್ಕೆ "ಬಿಡುವಾದಾಗ ನಿಮ್ಮ ನಿಮ್ಮ ಫೋನಲ್ಲಿ ಹಿಡೀರಿ" ಎಂದು ಯೂನಿಟ್‌ಗೆಲ್ಲ ಹೇಳಿದೆ. ಮೂರನೆಯದಕ್ಕೆ ಒಬ್ಬ ಹುಡುಗನಿಗೆ ಅದೊಂದೇ ಕೆಲಸ ಕೊಟ್ಟೆ.

ಮೊದಲ ದಾರಿ ನೋಡೋಕೆ ಬಹಳ ಸುಲಭ. ಶೂಟಿಂಗ್ ದಿನಗಳಲ್ಲಿ ಇನ್ನೊಂದು ತಲೆನೋವು ಇರುವುದಿಲ್ಲ. ಕೋಣೆ ನಿಶ್ಶಬ್ದ, ಕಾಲರ್ ಮೈಕ್ ಹಾಕಬಹುದು, ಮಾತು ಸ್ಪಷ್ಟವಾಗಿ ಬರುತ್ತದೆ. ಆದರೆ ಎಡಿಟಿಂಗ್‌ಗೆ ಕೂತಾಗ ಗೊತ್ತಾಯಿತು: ಆರು ವಾರದಲ್ಲಿ ಎಲ್ಲರೂ ಒಂದೇ ಕತೆ ಕಟ್ಟಿಕೊಂಡಿದ್ದರು. "ಕಷ್ಟ ಆಯ್ತು, ಆದ್ರೆ ಟೀಮ್ ಚೆನ್ನಾಗಿತ್ತು." ಛಾಯಾಗ್ರಾಹಕರೂ ಅದೇ, ನಟಿಯೂ ಅದೇ, ನಾನೂ ಅದೇ! ಯಾವ ಕಷ್ಟ, ಹೇಗೆ ದಾಟಿದಿರಿ ಎಂದು ಕೇಳಿದರೆ ಉತ್ತರ ಮಸುಕು. ಉತ್ತರ ಸಿಕ್ಕ ಕಡೆಯೂ ಅದರ ಮೇಲೆ ಹಾಕಲು ಚಿತ್ರ ಇರಲಿಲ್ಲ. ಸ್ಟಿಲ್ ಫೋಟೋ ಹನ್ನೆರಡು ಇದ್ದವು, ಅದರಲ್ಲಿ ಐದು ಊಟದ್ದು.

ಆಗ ಒಂದು ದಡ್ಡ ಕೆಲಸ ಮಾಡಿದೆವು. ಲೈಟ್ ಕಟ್ಟಿದ ದೃಶ್ಯವನ್ನು ಮತ್ತೆ ನಟಿಸಿ ತೋರಿಸಲು ಹೊರಟೆವು. ಅದೇ ಮನೆ, ಅದೇ ಲೈಟು. ಆದರೆ ಅಷ್ಟರಲ್ಲಿ ಅಂಗಳದ ಹುಲ್ಲು ಒಣಗಿತ್ತು, ಲೈಟ್ ಬಾಯ್ ತಲೆ ಬೋಳಿಸಿಕೊಂಡಿದ್ದ. ಅದೂ ಹೋಗಲಿ, ಉತ್ತರ ಗೊತ್ತಿರುವವರು ಲೈಟ್ ಹುಡುಕುವ ರೀತಿಯೇ ಬೇರೆ. ನೇರವಾಗಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲಿಸಿಬಿಡುತ್ತಾರೆ. ತಡಕಾಟ ಇಲ್ಲದ ಮೇಲೆ ನೋಡುವುದಕ್ಕೆ ಏನಿದೆ?

ಎರಡನೇ ಚಿತ್ರದಲ್ಲಿ ಫೋನುಗಳ ಪ್ರಯೋಗ. ಇದರಲ್ಲಿ ನಗು, ತಮಾಷೆ, ಚಹಾ, ಮುಖಗಳು ಧಾರಾಳವಾಗಿ ಸಿಕ್ಕವು. ಜನ ತಮ್ಮ ಗೆಳೆಯರ ಫೋನಿನ ಮುಂದೆ ಹಿಂಜರಿಯುವುದಿಲ್ಲ, ಅದು ಇದರ ದೊಡ್ಡ ಲಾಭ. ಆದರೆ ಮುಖ್ಯವಾದ ಕೆಲಸ ನಡೆಯುವಾಗ ಎಲ್ಲರ ಕೈಯೂ ತುಂಬಿರುತ್ತದೆ. ಅಂದರೆ ಫೋನ್ ಹೊರಬರುವುದು ಏನೂ ನಡೆಯದಿದ್ದಾಗ ಮಾತ್ರ. ಇನ್ನೂರಕ್ಕೂ ಜಾಸ್ತಿ ಕ್ಲಿಪ್ಪು ಬಂದವು, ಒಂದರಲ್ಲೂ ಟೇಕ್ ನಡೆಯುತ್ತಿರುವ ದೃಶ್ಯವಿಲ್ಲ. ಅರ್ಧಕ್ಕೂ ಹೆಚ್ಚು ನಿಲುವಾಗಿ ಹಿಡಿದವು.

ತಾಂತ್ರಿಕ ಗೋಳು ಬೇರೆ. ಬಹಳ ಜನ ವಾಟ್ಸಾಪ್‌ನಲ್ಲಿ ಕಳಿಸಿದರು. ಅದು ವಿಡಿಯೋವನ್ನು ಕುಗ್ಗಿಸುತ್ತದೆ, ಹೆಸರನ್ನೂ `VID-20240212-WA0007.mp4` ಎಂಬ ಥರಕ್ಕೆ ಬದಲಿಸುತ್ತದೆ. ಯಾವ ದೃಶ್ಯ, ಎಷ್ಟು ಗಂಟೆಗೆ ಎಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು. ಇನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದ ಕ್ಲಿಪ್ಪುಗಳಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಜ್. ಫೋನು ಸೆಕೆಂಡಿಗೆ 30 ಫ್ರೇಮ್, 1/60 ಶಟರ್ ಎಂದು ತಾನೇ ಆರಿಸಿಕೊಂಡರೆ ಎರಡಕ್ಕೂ ತಾಳ ಕೂಡುವುದಿಲ್ಲ. 25 ಫ್ರೇಮ್, 1/50 ಶಟರ್ ಇಟ್ಟರೆ ಪಟ್ಟಿ ಹೋಗುತ್ತದೆ. ಹಿಡಿದ ಮೇಲೆ ಇದನ್ನು ಸರಿಮಾಡುವುದು ಹೆಚ್ಚುಕಮ್ಮಿ ಆಗದ ಕೆಲಸ.

ಇನ್ನೊಂದು ತೊಂದರೆ ಮಾತ್ರ ಸರಿಹೋಗುವಂಥದು. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮಿನ ವೇಗವನ್ನು ಏರಿಳಿಸುತ್ತವೆ. ಉದ್ದನೆಯ ಕ್ಲಿಪ್ಪಿನಲ್ಲಿ ತುಟಿಗೂ ಮಾತಿಗೂ ಮೆಲ್ಲಗೆ ಅಂತರ ಬೀಳುತ್ತಾ ಹೋದರೆ ಅದೇ ಕಾರಣ. ಎಡಿಟಿಂಗ್‌ಗೆ ಹಾಕುವ ಮೊದಲು ffmpeg ಎಂಬ ಸಾಫ್ಟ್‌ವೇರಿನಲ್ಲಿ ಹೀಗೆ ಒಂದೇ ವೇಗಕ್ಕೆ ತಂದುಕೊಳ್ಳಬಹುದು:

```
ffmpeg -i in.mp4 -vf fps=25 -c:v libx264 -crf 18 -c:a copy out.mp4
```

ಮೂವತ್ತರಿಂದ ಇಪ್ಪತ್ತೈದಕ್ಕೆ ಇಳಿಸಿದಾಗ ಚಲನೆ ಸ್ವಲ್ಪ ಎಗರಿದಂತೆ ಕಾಣುತ್ತದೆ. ಮೇಕಿಂಗ್‌ಗೆ ಅಷ್ಟು ನಡೆಯುತ್ತೆ.

ಈಗ ಮೂರನೆಯದು. ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆ, ಐದು ದಿನದ ಶೂಟಿಂಗ್, ಫೆಬ್ರವರಿ ತಿಂಗಳು. ಜಗಲಿಯ ಮೇಲೆ ಅಜ್ಜಿ ಕೂತು ಮಳೆ ನೋಡುವ ಒಂದು ಶಾಟ್ ಇತ್ತು. ಫೆಬ್ರವರಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಸುರಿಸಬೇಕು.

ಮೇಕಿಂಗ್ ಹುಡುಗನ ಜೊತೆ ಹಿಂದಿನ ದಿನವೇ ಕೂತೆ. ಎಲ್ಲವನ್ನೂ ಹಿಡಿಯಬೇಡ ಎಂದೆ. ಮರುದಿನದ ಶಾಟ್ ಪಟ್ಟಿ ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಆರಿಸಿದೆವು: ಪೈಪಿನ ನೀರು ಪರದೆ ಮೇಲೆ ಮಳೆ ಆಗುವುದು ಹೇಗೆ? ಅದಕ್ಕೆ ಉತ್ತರ ಕೊಡುವ ಕ್ಷಣಗಳು ಎಲ್ಲೆಲ್ಲಿ ಬರಬಹುದು ಎಂದು ಯೋಚಿಸಿ ಆರು ಬರೆದೆವು. ಬೆಳಿಗ್ಗೆ ಪೈಪಿಗೆ ತೂತು ಕೊರೆಯುವುದು. ಮೊದಲ ಸಲ ನೀರು ಬಿಟ್ಟಾಗ ಮಾನಿಟರ್. ಲೈಟ್ ಜಾಗ ಬದಲಾಗುವುದು. ಟೇಕ್ ನಡೆಯುವಾಗ ಹಿಂದಿನಿಂದ ಪೈಪು, ಕ್ಯಾಮೆರಾ, ಅಜ್ಜಿ ಮೂರೂ ಕಾಣುವ ವೈಡ್. ಅದೇ ಟೇಕ್ ಇನ್ನೊಮ್ಮೆ ಆದಾಗ ಮಾನಿಟರ್. ಕಟ್ ಹೇಳಿದ ತಕ್ಷಣ ಆರ್ಟ್ ವಿಭಾಗದ ಅಣ್ಣನ ಮುಖ. ಪ್ರತಿಯೊಂದನ್ನೂ ಕನಿಷ್ಠ ಹತ್ತು ಸೆಕೆಂಡ್ ಅಲುಗಾಡದೆ ಹಿಡಿಯಬೇಕು, ಅಷ್ಟೇ ನಿಯಮ.

ಆ ದಿನ ನಡೆದದ್ದು ಹೀಗೆ. ಇಪ್ಪತ್ತಡಿ ಪಿವಿಸಿ ಪೈಪಿಗೆ ಸಾಲಾಗಿ ತೂತು ಕೊರೆದು ಸೂರಿನ ಅಂಚಿಗೆ ಕಟ್ಟಿದರು. ಪಿಕಪ್ ಗಾಡಿಯಲ್ಲಿ ಸಾವಿರ ಲೀಟರಿನ ಟ್ಯಾಂಕು, ಒಂದು ಮೋಟರು. ನೀರು ಬಿಟ್ಟರು. ಅಂಗಳವೆಲ್ಲ ಒದ್ದೆ, ಸದ್ದು ಜೋರು, ಆದರೆ ಮಾನಿಟರಿನಲ್ಲಿ ಮಳೆಯೇ ಇಲ್ಲ.

"ಅಕ್ಕ, ನೀರು ಬರ್ತಾ ಇದೆ, ಕಾಣ್ತಾ ಇಲ್ಲ" ಎಂದ ಅಣ್ಣ. ಅವನ ದನಿಯಲ್ಲಿದ್ದ ಗಾಬರಿ ಈಗಲೂ ವಿಡಿಯೋದಲ್ಲಿದೆ.

ಕಾರಣ ಬೆಳಕು. ಲೈಟು ಕ್ಯಾಮೆರಾ ಕಡೆಯಿಂದ ಬೀಳುತ್ತಿತ್ತು. ಮುಂದಿನಿಂದ ಬೆಳಕು ಬಿದ್ದರೆ ಹನಿಯ ಮೂಲಕ ಅದು ಆಚೆಗೆ ಹೋಗಿಬಿಡುತ್ತದೆ, ನಮ್ಮ ಕಡೆಗೆ ಹೆಚ್ಚು ಬರುವುದಿಲ್ಲ. ಛಾಯಾಗ್ರಾಹಕರು ಲೈಟನ್ನು ಅಂಗಳದಾಚೆ ಅಡಿಕೆ ಮರದ ಮರೆಗೆ ಒಯ್ದು, ಕ್ಯಾಮೆರಾ ಕಡೆಗೇ ತಿರುಗಿಸಿದರು. ಹಿಂದೆ ಕಪ್ಪು ತೋಟ. ಪ್ರತಿ ಹನಿಯೂ ಬೆಳ್ಳಿ ಗೆರೆಯಾಗಿ ಎದ್ದಿತು. ಆದರೂ ಏನೋ ಸರಿಯಿಲ್ಲ. ತೂತುಗಳೆಲ್ಲ ಒಂದೇ ಅಂತರದಲ್ಲಿದ್ದರಿಂದ ಮಣಿ ಪರದೆ ಇಳಿಬಿಟ್ಟಂತಿತ್ತು. ಅಣ್ಣ ಏಣಿ ಹತ್ತಿ ಅಡ್ಡಾದಿಡ್ಡಿ ಇನ್ನಷ್ಟು ತೂತು ಕೊರೆದ. ಅಷ್ಟರಲ್ಲಿ ಅರ್ಧ ಟ್ಯಾಂಕು ಖಾಲಿ. ಉಳಿದ ನೀರಿನಲ್ಲಿ ಮೂರು ಟೇಕ್ ಆಯಿತು, ಮೂರನೆಯದು ಓಕೆ.

ಎಡಿಟಿಂಗ್‌ನಲ್ಲಿ ಇದು ಒಂದೂವರೆ ನಿಮಿಷದ ತುಂಡಾಯಿತು. ಮೊದಲು ಚಿತ್ರದ ಆ ಶಾಟ್ ಮೂರು ಸೆಕೆಂಡ್, ಆಮೇಲೆ ಮಳೆ ಕಾಣದ ಮಾನಿಟರ್, ಆಮೇಲೆ ಲೈಟು ತೋಟದ ಕಡೆ ನಡೆಯುವುದು. ಯಾರೂ ವಿವರಣೆ ಕೊಡಬೇಕಾಗಲಿಲ್ಲ. ಪಟ್ಟಿಯಲ್ಲಿ ಇಲ್ಲದ ಎರಡನೇ ಸಲದ ಕೊರೆತವನ್ನು ಹುಡುಗ ತಾನಾಗಿಯೇ ಹಿಡಿದಿದ್ದ. ದಿನದ ಪ್ರಶ್ನೆ ಗೊತ್ತಿದ್ದುದರಿಂದಲೇ ಅದು ಮುಖ್ಯ ಎಂದು ಅವನಿಗೆ ಹೊಳೆದದ್ದು.

ನಮ್ಮದು ಸಿಂಕ್ ಸೌಂಡ್ ಚಿತ್ರ, ಅಂದರೆ ಮಾತು ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಆಗುತ್ತದೆ. ಹಾಗಾಗಿ ಎರಡನೇ ಕ್ಯಾಮೆರಾ ಎಂದರೆ ಸೌಂಡ್‌ನವರಿಗೆ ಹೆದರಿಕೆ. ಫೋಕಸ್ ಬೀಪ್ ಮತ್ತು ಫೋಕಸ್‌ಗೆ ನೆರವಾಗುವ ಕೆಂಪು ದೀಪವನ್ನು ಮೊದಲ ದಿನವೇ ಆಫ್ ಮಾಡಿದೆವು. ಟೇಕ್ ಶುರುವಾದರೆ ನಿಂತಲ್ಲೇ ನಿಲ್ಲಬೇಕು, ನಟರ ಕಣ್ಣಿನ ನೇರಕ್ಕೆ ಬರಬಾರದು. ಕ್ಯಾಮೆರಾದ ಗಡಿಯಾರವನ್ನು ಕ್ಲಾಪ್ ಕೊಡುವವನ ಗಡಿಯಾರಕ್ಕೆ ಹೊಂದಿಸಿದೆವು. ಅವನ ಪುಸ್ತಕದಲ್ಲಿ ಪ್ರತಿ ಟೇಕಿನ ಸಮಯ ಇದ್ದುದರಿಂದ ಯಾವ ಕ್ಲಿಪ್ಪು ಯಾವ ಟೇಕಿನದು ಎಂದು ಹುಡುಕುವ ಕೆಲಸವೇ ಉಳಿಯಲಿಲ್ಲ. ಐದು ದಿನಕ್ಕೆ ಒಟ್ಟು ಮೂರೂಕಾಲು ಗಂಟೆ ಫೂಟೇಜ್, ಕೊನೆಯ ವಿಡಿಯೋ ಏಳು ನಿಮಿಷ.

ಈ ದಾರಿಗೂ ಕಂತೆ ತೊಂದರೆ ಇವೆ. ಒಬ್ಬರ ಊಟ, ವಸತಿ, ಗಾಡಿಯಲ್ಲೊಂದು ಸೀಟು ಜಾಸ್ತಿ. ಮೊದಲ ದಿನದ ಫೂಟೇಜ್ ಹೆಚ್ಚೂಕಡಿಮೆ ವ್ಯರ್ಥ, ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ನಾನೇ. ನಾಲ್ಕನೇ ದಿನ ಮಧ್ಯಾಹ್ನ ಕೈ ಸಾಲದೆ "ಸ್ವಲ್ಪ ಆ ರಿಫ್ಲೆಕ್ಟರ್ ಹಿಡ್ಕೋ ಮಾರಾಯ" ಎಂದೆ. ಅವನು ಎರಡು ಗಂಟೆ ಹಿಡಿದುಕೊಂಡೇ ನಿಂತ. ಆ ದಿನದ ಪ್ರಶ್ನೆಗೆ ಉತ್ತರ ಇಲ್ಲ, ವಿಡಿಯೋದಲ್ಲಿ ನಾಲ್ಕನೇ ದಿನವೇ ಇಲ್ಲ.

ಅಜ್ಜಿ ಪಾತ್ರ ಮಾಡಿದವರು ಅಳುವ ದೃಶ್ಯಕ್ಕೆ ಮೊದಲು ಯಾರೂ ತಮ್ಮನ್ನು ಹಿಡಿಯಬಾರದು ಎಂದಿದ್ದರು. ಅಂಗೈ ತೋರಿಸಿದರೆ ಕ್ಯಾಮೆರಾ ಕೆಳಗೆ, ಪ್ರಶ್ನೆ ಕೇಳುವ ಹಾಗಿಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದೆವು. ಫೋನುಗಳ ದಾರಿಯಲ್ಲಿ ಇಂಥ ಮಾತನ್ನು ಹತ್ತು ಜನರಿಂದ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ.

ಹಾಗಂತ ಆಮೇಲೆ ಮಾತಾಡಿಸುವುದನ್ನು ನಾನು ಬಿಟ್ಟಿಲ್ಲ. ಮೂರನೇ ಚಿತ್ರ ಮುಗಿದು ತಿಂಗಳಾದ ಮೇಲೆ ಛಾಯಾಗ್ರಾಹಕರಿಗೆ ಲ್ಯಾಪ್‌ಟಾಪಿನಲ್ಲಿ ಮಳೆಯ ಕ್ಲಿಪ್ಪು ತೋರಿಸಿ, ಬರೀ ಧ್ವನಿ ರೆಕಾರ್ಡ್ ಮಾಡಿದೆ. "ಟೀಮ್ ಚೆನ್ನಾಗಿತ್ತು" ಎನ್ನಲಿಲ್ಲ ಅವರು. "ನೋಡಿ, ಇಲ್ಲಿ ನಾನು ಸುಮ್ನೆ ನಿಂತಿದೀನಲ್ವಾ, ಲೈಟ್ ಹಿಂದಕ್ಕೆ ಹೋದ್ರೆ ಕೇಬಲ್ ಉದ್ದ ಸಾಲಲ್ಲ ಅಂತ ಲೆಕ್ಕ ಹಾಕ್ತಿದ್ದೆ" ಎಂದರು. ಕೇಬಲ್ ವಿಷಯ ನನಗೇ ಗೊತ್ತಿರಲಿಲ್ಲ. ಎಲೀನರ್ ಕೊಪ್ಪೋಲಾ 1976ರಲ್ಲಿ ಫಿಲಿಪೈನ್ಸ್‌ನಲ್ಲಿ ಗಂಡ ಫ್ರಾನ್ಸಿಸ್ ಫೋರ್ಡ್ ಕೊಪ್ಪೋಲಾರ ಯುದ್ಧದ ಚಿತ್ರ 'ಅಪೊಕ್ಯಾಲಿಪ್ಸ್ ನೌ' ಸೆಟ್ಟಿನಲ್ಲಿ ಹಿಡಿದ ಫೂಟೇಜ್ ಸಾಕ್ಷ್ಯಚಿತ್ರವಾಗಿ ಬಂದದ್ದು 1991ರಲ್ಲಿ. ಅದರಲ್ಲೂ ಆಮೇಲೆ ಮಾಡಿದ ಸಂದರ್ಶನಗಳಿವೆ, ಆದರೆ ಅವು ನಿಂತಿರುವುದು ಅಂದು ಹಿಡಿದ ಚಿತ್ರಗಳ ಮೇಲೆ.

ಹಾಗಾಗಿ ನನ್ನ ಆಯ್ಕೆ ಮೂರನೆಯದೇ, ಜೊತೆಗೆ ಆಮೇಲಿನ ಅರ್ಧ ಗಂಟೆ ಮಾತು. ಯೂನಿಟ್‌ನಲ್ಲಿ ನಾಲ್ಕೇ ಜನ ಇದ್ದರೆ ಒಬ್ಬರನ್ನು ಬಿಟ್ಟುಕೊಡಲು ಆಗುವುದಿಲ್ಲ, ಒಪ್ಪುತ್ತೇನೆ. ಆಗ ಒಂದು ಫೋನನ್ನು 25 ಫ್ರೇಮಿಗೆ ಹೊಂದಿಸಿ, ಅಡ್ಡವಾಗಿ, ಮಾನಿಟರ್ ಹಿಂದೆ ಟ್ರೈಪಾಡಿನಲ್ಲಿ ನಿಲ್ಲಿಸಿ, ದಿನದ ಒಂದೇ ಕಷ್ಟದ ಶಾಟ್‌ಗೆ ಮಾತ್ರ ಆನ್ ಮಾಡಿ. ಫೈಲನ್ನು ಅದೇ ರಾತ್ರಿ ಕೇಬಲ್ ಹಾಕಿ ಎಳೆದುಕೊಳ್ಳಿ, ವಾಟ್ಸಾಪ್ ಬೇಡ.

ಮೂರನೇ ಸಲವೂ ನನ್ನಿಂದ ಒಂದು ತಪ್ಪಿಹೋಯಿತು. ಆ ಮನೆ ಹುಡುಕಲು ಹೋದ ದಿನ ನಾನು, ಛಾಯಾಗ್ರಾಹಕರು, ಅಣ್ಣ ಮೂವರೇ ಇದ್ದೆವು. ಸೂರಿಗೆ ಪೈಪು ಕಟ್ಟಬಹುದು ಎಂದು ಅಣ್ಣ ಬೆರಳು ತೋರಿಸಿದ್ದು ಆಗಲೇ. ಅದರ ಒಂದು ಸೆಕೆಂಡೂ ನಮ್ಮ ಹತ್ತಿರ ಇಲ್ಲ. ಮುಂದಿನ ಚಿತ್ರದ ಲೊಕೇಶನ್ ನೋಡಲು ಬರುವ ವಾರ ಹೊರಟಿದ್ದೇವೆ, ಈ ಸಲ ಗಾಡಿಯಲ್ಲಿ ಹುಡುಗನಿಗೂ ಸೀಟಿದೆ.