ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳೋರು ದಯವಿಟ್ಟು ಇದನ್ನ ಓದಿ: ಮೀಟರ್‌ನಲ್ಲಿ 19,800, ಕಂಪ್ಯೂಟರ್‌ನಲ್ಲಿ 57,000

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯೋಕೆ ಮುಂಚೆಯೇ ಬರೆದುಬಿಡ್ತೀನಿ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಹಳೇ ಗಾಡಿ ಹುಡುಕ್ತಿರೋರು ಸುಮಾರು ಜನ ಇದ್ದೀರಿ. ಬೆಂಗಳೂರಿಂದ ಲಾರಿಗಟ್ಟಲೆ ಗಾಡಿ ತಂದು, ಪಾಲಿಶ್ ಹೊಡೆದು, ಸೀಟ್ ಕವರ್ ಬದಲಾಯಿಸಿ ಇಲ್ಲಿ ಮಾರ್ತಿದ್ದಾರೆ. ನನಗೆ ಮಾರಿದವರ ಹೆಸರು ಹಾಕಲ್ಲ. ಆದರೆ ಏನು ಮಾಡಿದರು ಅನ್ನೋದನ್ನ ಒಂದೂ ಬಿಡದೆ ಹೇಳ್ತೀನಿ.

ನಂದು ನೈಟ್ ಡ್ಯೂಟಿ ಇರೋ ಕೆಲಸ. ರಾತ್ರಿ ಆಟೋ ಸಿಗಲ್ಲ, ಅದಕ್ಕೇ ಸ್ಕೂಟರ್ ಬೇಕಿತ್ತು. 110 ಸಿಸಿ, ಗೇರ್ ಇಲ್ಲದ್ದು, ಬೂದು ಬಣ್ಣ, ಕೆಎ-02 ನಂಬರ್. ಅಂಗಡಿಯವರು ಹೇಳಿದ ಮಾತುಗಳು ಇವು: "ಮೇಡಂ, 2020 ಮಾಡೆಲ್. ಸಿಂಗಲ್ ಓನರ್. ಲೇಡೀಸ್ ಓಡಿಸಿದ ಗಾಡಿ, ಮೀಟರ್ ನೋಡಿ, 20 ಸಾವಿರನೂ ದಾಟಿಲ್ಲ. ಇನ್ಶೂರೆನ್ಸ್ ಕರೆಂಟ್ ಇದೆ. 48 ಹೇಳ್ತಿದ್ದೀನಿ, ನಿಮಗೆ 46ಕ್ಕೆ ಕೊಡ್ತೀನಿ." ಈ ಒಂದೊಂದು ಮಾತೂ ಸುಳ್ಳು, ಇಲ್ಲಾಂದ್ರೆ ಅರ್ಧ ಸುಳ್ಳು. ಒಂದೊಂದೂ ಬೆಲೆ ಏರಿಸೋಕೆ ಹೇಳಿದ ಸುಳ್ಳು.

ಆರ್‌ಸಿ ಕೇಳಿದೆ. ಜೆರಾಕ್ಸ್ ಕೊಟ್ಟರು, ಒಂದೇ ಬದಿಯದ್ದು. "ಒರಿಜಿನಲ್ ಆಫೀಸ್‌ನಲ್ಲಿದೆ ಮೇಡಂ, ದುಡ್ಡು ಸೆಟ್ಲ್ ಆದ ತಕ್ಷಣ ಕೈಗೆ ಕೊಡ್ತೀವಿ." ಜೆರಾಕ್ಸ್‌ನಲ್ಲಿ ರಿಜಿಸ್ಟ್ರೇಷನ್ ದಿನಾಂಕ 2020ರ ಮಾರ್ಚ್ ಅಂತಿತ್ತು, ನಂಬರ್ ಸರಿಯಿತ್ತು, ಚಾಸಿಸ್ ನಂಬರ್ ತಾಳೆಯಾಯ್ತು. ಅವರೇ ಓಡಿಸಿ ತೋರಿಸಿದರು, ಇಂಜಿನ್ ಸದ್ದು ಮೆತ್ತಗಿತ್ತು. ದುಡ್ಡು ಕೊಟ್ಟೆ.

ಆಮೇಲೆ ಗಾಡಿ ಏರಿನಲ್ಲಿ ಎಳೀತಿಲ್ಲ, ಹಿಂದಿನ ಕಡೆಯಿಂದ ಗರಗರ ಸದ್ದು ಅಂತ ಕಂಪನಿ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಗಾಡಿ ನಂಬರ್ ಟೈಪ್ ಮಾಡಿದ. ಒಂದ್ಸಲ ಸ್ಕ್ರೀನ್ ನೋಡಿದ, ಒಂದ್ಸಲ ಮೀಟರ್ ನೋಡಿದ, ಮತ್ತೆ ಸ್ಕ್ರೀನ್ ನೋಡಿದ. "ಮೇಡಂ, ಇದು ಡೆಲಿವರಿಗೆ ಓಡಿದ ಗಾಡಿನಾ?" ಅಂದ. ಯಾಕೆ ಅಂದೆ. "2023ರಲ್ಲಿ ಬೆಂಗಳೂರಲ್ಲಿ ಸರ್ವಿಸ್ ಆಗಿದೆ. ಅವತ್ತೇ 57 ಸಾವಿರ ಚಿಲ್ಲರೆ ಓಡಿತ್ತು. ಆಮೇಲೆ ಕಂಪನಿ ಸರ್ವಿಸ್‌ಗೆ ಬಂದಿಲ್ಲ."

57 ಸಾವಿರ. 2023ರಲ್ಲೇ. ನನ್ನ ಮೀಟರ್‌ನಲ್ಲಿ ಈಗ 19,800.

ಪಕ್ಕದಲ್ಲಿ ಗಾಡಿ ಬಿಡೋಕೆ ಬಂದವರು ನಾಲ್ಕೈದು ಜನ ನಿಂತಿದ್ದರು, ಎಲ್ಲರಿಗೂ ಕೇಳಿಸ್ತು. ಒಬ್ಬರು "ಅಯ್ಯೋ, ಎಷ್ಟು ಕೊಟ್ರಿ ಮೇಡಂ?" ಅಂದರು. ನನಗೆ ಬಾಯಿಂದ ಬೆಲೆ ಹೊರಡಲಿಲ್ಲ. ಆ ಹುಡುಗ ಪಾಪ, ಮೆಲ್ಲಗೆ ಕರೆದು ತೋರಿಸಿದ. ಮೀಟರ್ ಕವರ್‌ನ ಸ್ಕ್ರೂಗಳ ತಲೆ ಹೊಸದಾಗಿ ಗೀಚಿತ್ತು. ಬ್ರೇಕ್ ಲಿವರ್‌ನ ತುದಿ ಸವೆದು ಹೊಳೀತಿತ್ತು. ಕೀ ಹಾಕೋ ಜಾಗದ ಸುತ್ತ ಪೇಂಟ್ ಹೋಗಿತ್ತು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಹಿಂದಿನ ಟೈರ್‌ನಲ್ಲಿ 3124. ಅಂದ್ರೆ 2024ರ 31ನೇ ವಾರದಲ್ಲಿ ತಯಾರಾದ ಟೈರ್. 20 ಸಾವಿರ ಕಿಲೋಮೀಟರ್ ಕೂಡ ಓಡದ ಗಾಡಿಗೆ ಟೈರ್ ಯಾಕೆ ಬದಲಾಯಿಸ್ಬೇಕಿತ್ತು? ಒಂದು ಟೈರ್ ಪಂಕ್ಚರ್‌ಗೋ ಇನ್ನೊಂದಕ್ಕೋ ಹೋಗಿರಬಹುದು ಅಂತ ಬಿಟ್ಟರೂ ಇಷ್ಟೆಲ್ಲ ಒಟ್ಟಿಗೆ ಹೇಗೆ ಸವೆಯುತ್ತೆ? ಗರಗರ ಸದ್ದು ವೇರಿಯೇಟರ್, ಬೆಲ್ಟ್, ಕ್ಲಚ್ ಕಡೆಯದು. ಅದೆಲ್ಲ ಹಾಕಿಸಬೇಕಂತೆ.

ಮನೆಗೆ ಬಂದು ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದೆ. ಎರಡನೇ ಓನರ್. ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಇದೆ, ಅಂದ್ರೆ ಗಾಡಿ ಮೇಲಿನ ಸಾಲದ ಒತ್ತೆ, ಎಚ್‌ಪಿ ಅಂತಾರಲ್ಲ ಅದು, ಕ್ಲಿಯರ್ ಆಗಿಲ್ಲ. ಇಂಧನ ಮಾನದಂಡದ ಜಾಗದಲ್ಲಿ ಬಿಎಸ್-4, ಅಂದ್ರೆ ಹಳೇ ಹೊಗೆ ನಿಯಮದ ಗಾಡಿ. ಒರಿಜಿನಲ್ ಆರ್‌ಸಿ ಕೈಗೆ ಬಂದ ಮೇಲೆ ಹಿಂಬದಿಯಲ್ಲಿ ತಯಾರಿಕೆ ತಿಂಗಳು ನೋಡಿದ್ರೆ 2019ರ ಜೂನ್! ಬಿಎಸ್-4 ಗಾಡಿ ಮಾರೋಕೆ 2020ರ ಮಾರ್ಚ್ 31 ಕೊನೇ ದಿನವಾಗಿತ್ತು. ಅದರ ಮುಂಚೆ ಶೋರೂಂಗಳವರು ಉಳಿದ ಸ್ಟಾಕ್‌ನ ರಿಯಾಯಿತಿ ಕೊಟ್ಟು ತಳ್ಳಿದ್ದು ನೆನಪಿರಬೇಕು. ನನ್ನದು ಅಂಥ ಗಾಡಿ. "2020 ಮಾಡೆಲ್" ಅಂದ್ರೆ ಕೇಳೋರಿಗೆ ಹೊಸ ಬಿಎಸ್-6, ಫ್ಯುಯೆಲ್ ಇಂಜೆಕ್ಷನ್ ಗಾಡಿ ಅನ್ನಿಸುತ್ತೆ. ಅದಕ್ಕೂ ಇದಕ್ಕೂ ಬೆಲೆ ಬೇರೆ. ಬೇಕಂತಲೇ ಹಾಗೆ ಹೇಳ್ತಾರೆ.

ಇನ್ಶೂರೆನ್ಸ್ ಕರೆಂಟ್ ಅಂದಿದ್ದು ಬರೀ ಥರ್ಡ್ ಪಾರ್ಟಿ. ಅದರಲ್ಲಿ ಇನ್ಶೂರೆನ್ಸ್‌ನವರು ಗಾಡಿಗೆ ಕಟ್ಟೋ ಬೆಲೆ, ಐಡಿವಿ ಅನ್ನೋ ಅಂಕಿಯೇ ಇರಲ್ಲ, ಹಾಗಾಗಿ ಗಾಡಿ ಬೆಲೆ ಎಷ್ಟು ಅಂತ ತಾಳೆ ನೋಡೋಕೆ ಕಾಗದದಲ್ಲಿ ಏನೂ ಸಿಗಲ್ಲ.

ಫೋನ್ ಮಾಡಿದೆ. ಅವರ ಉತ್ತರಗಳನ್ನ ಹಾಗೇ ಬರೀತೀನಿ.

ಮೀಟರ್ ಕೇಳಿದ್ದಕ್ಕೆ: "ಮೇಡಂ, ಹಳೇ ಮೀಟರ್ ಕೆಟ್ಟಿತ್ತು, ನಾವೇ ಹೊಸದು ಹಾಕ್ಸಿದ್ದೀವಿ. ಅದು ನಿಮಗೇ ಒಳ್ಳೇದಲ್ವಾ?" ಹೊಸ ಮೀಟರ್ ಸೊನ್ನೆಯಿಂದ ಶುರುವಾಗುತ್ತಲ್ಲ, 19,800 ಹೇಗೆ ಬಂತು ಅಂದೆ. ಸುಮ್ಮನಾದರು. ಆಮೇಲೆ "ಕಿಲೋಮೀಟರ್ ಕಟ್ಕೊಂಡು ಏನ್ ಮಾಡ್ತೀರಾ ಮೇಡಂ, ಇಂಜಿನ್ ಕಂಡೀಷನ್ ನೋಡಿ." ಎರಡನೇ ಓನರ್ ಬಗ್ಗೆ ಕೇಳಿದ್ದಕ್ಕೆ: "ಅವರಿಬ್ಬರೂ ಅಣ್ಣ ತಮ್ಮ, ಒಂದೇ ಮನೆ, ಸಿಂಗಲ್ ಓನರ್ ಅಂತಲೇ ಲೆಕ್ಕ." ಎಚ್‌ಪಿ ಬಗ್ಗೆ: "ಲೋನ್ ಯಾವತ್ತೋ ಮುಗಿದಿದೆ, ಎನ್‌ಒಸಿ ನಾಳೆ ಬರುತ್ತೆ." ಆ ನಾಳೆ ಬರಲೇ ಇಲ್ಲ.

ಅರ್ಧ ದುಡ್ಡಾದ್ರೂ ವಾಪಸ್ ಕೊಡಿ, ಇಲ್ಲಾ ಗಾಡಿ ತಗೊಳ್ಳಿ ಅಂದೆ. ಆಗ ದನಿ ಬದಲಾಯ್ತು. "ನೋಡಮ್ಮಾ, ಆರ್‌ಸಿ ಇನ್ನೂ ನಿನ್ನ ಹೆಸರಿಗೆ ಬಂದಿಲ್ಲ. ಗಾಡಿ ನಿಂದು ಅನ್ನೋಕೆ ಏನಿದೆ? ಎಲ್ಲಿಗೆ ಬೇಕಾದ್ರೂ ಹೋಗಿ ಹೇಳ್ಕೋ." ಅಲ್ಲಿವರೆಗೆ ಮೇಡಂ, ದುಡ್ಡು ಕೇಳಿದ ತಕ್ಷಣ ನೋಡಮ್ಮಾ. ಈ ಮಾತು ಕೇಳಿ ಕೈ ನಡುಗಿತು. ಯಾಕಂದ್ರೆ ಅದು ನಿಜವೇ. ಅವರು ಕೊಟ್ಟಿದ್ದು ಹಳೇ ಮಾಲೀಕರ ಸಹಿ ಇದೆ ಅನ್ನೋ ಖಾಲಿ ಫಾರ್ಮ್ 29, ಫಾರ್ಮ್ 30, ಗಾಡಿ ಹೆಸರು ಬದಲಾಯಿಸೋಕೆ ಬೇಕಾದ ಅರ್ಜಿಗಳು. ದಿನಾಂಕ ಇಲ್ಲ, ಕೊಳ್ಳೋರ ಹೆಸರಿಲ್ಲ. ಅದಿದ್ರೂ ಎಚ್‌ಪಿ ಇರೋವರೆಗೆ, ಫೈನಾನ್ಸ್ ಕಂಪನಿಯ ಎನ್‌ಒಸಿ ಮತ್ತು ಎಚ್‌ಪಿ ತೆಗೆಸೋ ಫಾರ್ಮ್ 35 ಬರೋವರೆಗೆ ಆರ್‌ಟಿಓದಲ್ಲಿ ಕೆಲಸ ನಡೆಯಲ್ಲ.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಗಿದ್ದು. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರೋ ಡೀಲರ್‌ಗೆ ಆರ್‌ಟಿಓ ಅನುಮತಿ ಪತ್ರ ಇರಬೇಕು, ಅದು ಫಾರ್ಮ್ 29ಬಿ. ಮಾಲೀಕರು ಗಾಡಿ ಡೀಲರ್‌ಗೆ ಕೊಟ್ಟಾಗ ಫಾರ್ಮ್ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಬೇಕು, ಅಲ್ಲಿಂದ ಮುಂದೆ ಗಾಡಿಯ ಹೊಣೆ ಡೀಲರ್‌ದು. ನನಗೆ ಮಾರಿದವರ ಹತ್ತಿರ ಇದು ಇದೆಯಾ ಅಂತ ಕೇಳಿದ್ದಕ್ಕೆ "ಅದೆಲ್ಲಾ ಬೆಂಗಳೂರಲ್ಲಿ ಮೇಡಂ" ಅಂದರು. ರೂಲ್ಸ್ ಇಡೀ ದೇಶಕ್ಕೆ!

ಈಗ ಬೆಲೆ ಲೆಕ್ಕ. ಇದನ್ನ ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಅದೇ ಗಾಡಿ ಇವತ್ತು ಹೊಸದಾಗಿ ಎಷ್ಟು ಅಂತ ನೋಡಬೇಕು, ಎಕ್ಸ್-ಶೋರೂಂ ದರ. ಆನ್-ರೋಡ್ ಅಲ್ಲ, ಯಾಕಂದ್ರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ದುಡ್ಡಿಗೆ ಮರುಮಾರಾಟದಲ್ಲಿ ಬೆಲೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. 80 ಸಾವಿರ ಇದ್ದ ಎಕ್ಸ್-ಶೋರೂಂ ಅದರಿಂದ ಸುಮಾರು 74 ಸಾವಿರಕ್ಕೆ ಬರುತ್ತೆ. ಹೊಸದು ಇಳಿದರೆ ಹಳೇದೂ ಇಳೀಬೇಕು. ಆದರೆ ಅಂಗಡಿಗಳಲ್ಲಿ ಇನ್ನೂ ಹಳೇ ದರ ಹಿಡಿದೇ ಮಾತಾಡ್ತಾರೆ.

ಆಮೇಲೆ ವಯಸ್ಸು. ಇನ್ಶೂರೆನ್ಸ್‌ನವರ ಸವಕಳಿ ಪಟ್ಟಿ ಇದೆ: ಎರಡು ದಾಟಿ ಮೂರು ವರ್ಷದವರೆಗೆ ಶೇ 30, ನಾಲ್ಕರವರೆಗೆ 40, ಐದರವರೆಗೆ 50 ಕಡಿತ. ಐದು ದಾಟಿದ ಮೇಲೆ ಮಾತಾಡಿ ನಿಗದಿ ಮಾಡೋದು. ಒಳ್ಳೇ ಕಂಡೀಷನ್ ಇದ್ದು ಬೇಡಿಕೆ ಇರೋ ಸ್ಕೂಟರ್ ಇದಕ್ಕಿಂತ ಮೂರು ನಾಲ್ಕು ಸಾವಿರ ಜಾಸ್ತಿಗೆ ಹೋಗುತ್ತೆ, ಅದನ್ನ ಒಪ್ಪೋಣ. ನನ್ನದು 2019ರಲ್ಲಿ ತಯಾರಾದದ್ದು. 74 ಸಾವಿರದ ಅರ್ಧ 37 ಸಾವಿರ, ಐದು ವರ್ಷ ದಾಟಿದ್ದಕ್ಕೆ ಇನ್ನೂ ಸ್ವಲ್ಪ ಇಳಿಸಿದ್ರೆ 33, 34. ನಿಜವಾಗಲೂ 19,800 ಓಡಿದ್ದು, ಸಿಂಗಲ್ ಓನರ್, ಕಾಗದ ಪಕ್ಕಾ ಇರೋ ಗಾಡಿಗೂ 37, 38 ಸಾವಿರಕ್ಕಿಂತ ಮೇಲೆ ಕೊಡೋಕೆ ಕಾರಣ ಇಲ್ಲ.

ಇನ್ನು ಕಿಲೋಮೀಟರ್. ಊರಲ್ಲಿ ಕೆಲಸಕ್ಕೆ ಓಡಿಸೋ ಸ್ಕೂಟರ್ ವರ್ಷಕ್ಕೆ ಏಳೆಂಟು ಸಾವಿರ ಓಡೋದು ಸಹಜ. ಆರು ವರ್ಷದ ಗಾಡಿ 19,800 ಅಂದ್ರೆ ದಿನಕ್ಕೆ 9 ಕಿಲೋಮೀಟರ್. ಬೆಂಗಳೂರಲ್ಲಿ! ಯಾಕೆ ಅಷ್ಟು ಕಡಿಮೆ ಅಂತ ಮಾರೋರು ಸರ್ವಿಸ್ ಬಿಲ್ ಇಟ್ಟು ತೋರಿಸಬೇಕು. 60 ಸಾವಿರ ದಾಟಿದ ಗಾಡಿಗೆ ಬೆಲ್ಟ್, ವೇರಿಯೇಟರ್, ಕ್ಲಚ್, ಹಿಂದಿನ ಶಾಕ್ ಅಬ್ಸಾರ್ಬರ್ ಅಂತ ಏಳೆಂಟು ಸಾವಿರ ಖರ್ಚು ಕೂತಿರುತ್ತೆ. ಅದನ್ನ 33ರಿಂದ ಕಳೀರಿ. ಎರಡನೇ ಓನರ್‌ಗೆ ಎರಡು ಸಾವಿರ ಕಳೀರಿ. 23, 24 ಸಾವಿರದ ಗಾಡಿ ಇದು. ಅದೂ ಎಚ್‌ಪಿ ಕ್ಲಿಯರ್ ಆಗಿದ್ದರೆ ಮಾತ್ರ. ನನ್ನಿಂದ ತಗೊಂಡಿದ್ದು 46.

ಕಾಗದದ ವಿಷಯದಲ್ಲಿ ಒಂದು ಮಾತು. ಓನರ್ ಎಷ್ಟನೆಯವರು, ಟೈರ್ ಎಷ್ಟು ಹಳೇದು ಅನ್ನೋದಕ್ಕೆ ಬೆಲೆ ಇಳಿಸಬಹುದು. ಎಚ್‌ಪಿ ಇದ್ದು ಎನ್‌ಒಸಿ ಇಲ್ಲದ ಗಾಡಿಗೆ ಬೆಲೆ ಇಳಿಸಿ ತಗೊಳ್ಳೋ ಯೋಚನೆ ಮಾಡಬೇಡಿ, ಎದ್ದು ಬನ್ನಿ. ಬೇರೆಯವರ ಹೆಸರಲ್ಲಿರೋ ಗಾಡಿಗೆ ಹತ್ತು ಸಾವಿರವೂ ಹೆಚ್ಚೇ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತಲೂ ನಂಬರ್ ಹಾಕಿ ನೋಡಿ. ನನ್ನ ಗಾಡಿ ಮೇಲೆ ಬೆಂಗಳೂರಿನ ಸಿಗ್ನಲ್ ಜಂಪ್, ಹೆಲ್ಮೆಟ್ ಕೇಸುಗಳ ಉದ್ದ ಪಟ್ಟಿಯೇ ಇತ್ತು.

ದುಡ್ಡು ಕೊಡೋ ಮುಂಚೆ ಗಾಡಿನ ಅವರ ಎದುರೇ ಕಂಪನಿ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋಗಿ, ಹಿಸ್ಟರಿ ತೆಗೆಸಿ. "ಅಷ್ಟು ಟೈಮ್ ಇಲ್ಲ, ಇನ್ನೊಬ್ಬರು ಅಡ್ವಾನ್ಸ್ ಕೊಡ್ತಿದ್ದಾರೆ" ಅಂದ್ರೆ ಕೊಡಲಿ ಬಿಡಿ. ನನಗೂ ಇದನ್ನೇ ಅಂದಿದ್ದರು.

ಕೊನೆಗೆ ಅವರು ಹೇಳಿದ್ದು: "ಎರಡು ಸಾವಿರ ಗೂಗಲ್ ಪೇ ಮಾಡ್ತೀನಿ, ಸುಮ್ಮನೆ ಬಿಟ್ಬಿಡಿ." ತಗೊಂಡಿಲ್ಲ. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಅವರ ವಾಟ್ಸ್ಆ್ಯಪ್ ಮೆಸೇಜ್‌ನಲ್ಲಿ "ಸಿಂಗಲ್ ಓನರ್ 19k" ಅಂತ ಬರೆದಿದ್ದು, ಸರ್ವಿಸ್ ಹಿಸ್ಟರಿ ಪ್ರಿಂಟ್ ಎಲ್ಲಾ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಇದೇ ಥರ ಕೆಎ-02, ಕೆಎ-05 ನಂಬರಿನ ಗಾಡಿ ಈ ಕಡೆ ತಗೊಂಡವರು ಇದ್ದರೆ ಇವತ್ತೇ ಸರ್ವಿಸ್ ಹಿಸ್ಟರಿ ತೆಗೆಸಿ ನೋಡಿ, ಮೀಟರ್ ತಾಳೆಯಾಗದಿದ್ದರೆ ನೀವೂ ದೂರು ಕೊಡಿ.